ಆ ಕಪ್ಪು ಟೇಪು ಕಿತ್ತು ಹಾಕು, ಮಗೂ

ಲೈಸೆನ್ಸ್ ಕೈಗೆ ಬಂತು, ಸೆಕೆಂಡ್ ಹ್ಯಾಂಡ್ ಕಾರೂ ಮನೆ ಮುಂದೆ ಬಂತು. ಸಂತೋಷ. ನಿನ್ನ ಕ್ಲಚ್ ಕಾಲು ಹದವಾಗಿದೆ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರಿಸದೆ ಎತ್ತುತ್ತೀಯ. ಸಂತೆ ಬೀದಿಯಲ್ಲೂ ಗಾಬರಿಯಾಗುವುದಿಲ್ಲ. ಕೈಕಾಲಿಗೆ ಬೇಕಾದ್ದು ಬಂದಿದೆ. ಇನ್ನು ಬರಬೇಕಾದದ್ದು ಕಣ್ಣಿಗೆ. ನಿನ್ನ ವಾರಿಗೆಯವರ ಎಷ್ಟೋ ಕಾರುಗಳಲ್ಲಿ ಮೀಟರ್ ಬೋರ್ಡಿನ ಮೇಲೆ ಕಿರುಬೆರಳಿನ ಉಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿರುವುದನ್ನು ನೋಡುತ್ತೇನೆ. ಯಾಕಪ್ಪಾ ಅಂದರೆ, "ಏನಿಲ್ಲ ಸಾರ್, ಲೂಸ್ ಕಾಂಟ್ಯಾಕ್ಟು. ಸುಮ್ಮನೆ ಹತ್ತುತ್ತೆ. ರಾತ್ರಿ ಕಣ್ಣಿಗೆ ಹೊಡೆಯುತ್ತೆ" ಎನ್ನುತ್ತಾರೆ. ನೀನೂ ಅದೇ ಉತ್ತರ ಕೊಡುವ ಪೈಕಿ ಎಂದು ನನಗೆ ಗೊತ್ತು. ಅದಕ್ಕೇ ಇವತ್ತು ಗಾಡಿ ಓಡಿಸುವುದು ಬೇಡ, ಕೂತು ಮಾತಾಡೋಣ.

ಮೊದಲು ಕೀ ತಿರುಗಿಸು. ಎಂಜಿನ್ ಸ್ಟಾರ್ಟ್ ಮಾಡಬೇಡ, ಒಂದು ಹಂತ ಹಿಂದೆಯೇ ನಿಲ್ಲಿಸು. ಬೋರ್ಡಿನ ತುಂಬ ದೀಪಗಳು ಹತ್ತಿದವಲ್ಲ? ಅಲಂಕಾರಕ್ಕೆ ಅಲ್ಲ ಅದು. ಒಂದೊಂದು ದೀಪವೂ "ನಾನು ಬದುಕಿದ್ದೇನೆ" ಎಂದು ಹಾಜರಿ ಹೇಳುತ್ತಿದೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಒಂದೊಂದಾಗಿ ಆರಬೇಕು. ಹತ್ತಲೇಬೇಕು, ಆಮೇಲೆ ಆರಲೇಬೇಕು. ಹತ್ತಿ ಆರದಿದ್ದರೆ ಎಲ್ಲೋ ತೊಂದರೆ ಇದೆ. ಹತ್ತದೇ ಹೋದರೆ ತೊಂದರೆಯನ್ನು ಹೇಳಬೇಕಾದ ದೀಪವೇ ಸತ್ತಿದೆ, ಇಲ್ಲವೇ ಯಾರೋ ಸಾಯಿಸಿದ್ದಾರೆ. ಹಳೇ ಕಾರು ಮಾರುವವರು ಕೆಲವರು ಬಲ್ಬ್ ಬಿಚ್ಚಿಡುತ್ತಾರೆ, ವೈರ್ ಕತ್ತರಿಸುತ್ತಾರೆ. ಆದ್ದರಿಂದ ಕಾರು ಕೊಳ್ಳುವಾಗ ಬಣ್ಣ, ಸೀಟು, ಸ್ಪೀಕರು ನೋಡುವ ಮುಂಚೆ ಈ ಹಾಜರಿ ನೋಡು. ಟೇಪು ಅಂಟಿಸಿದವನು ಈ ಹಾಜರಿಯನ್ನೇ ಕಳೆದುಕೊಳ್ಳುತ್ತಾನೆ.

ಇವತ್ತು ಒಂದೇ ಒಂದು ದೀಪದ ಮಾತು. ಕೆಂಪು ಬಣ್ಣ, ವೃತ್ತದೊಳಗೆ ಆಶ್ಚರ್ಯ ಚಿಹ್ನೆ, ಎರಡು ಬದಿಗೂ ಕಂಸ ಹಾಕಿದಂತೆ ಗೆರೆ. ಬ್ರೇಕಿನ ದೀಪ. ಟೇಪಿಗೆ ಹೆಚ್ಚಾಗಿ ಬಲಿಯಾಗುವುದು ಇದೇ. ಯಾಕೆಂದರೆ ಇದನ್ನು ನೀನು ದಿನಾ ನೋಡುತ್ತೀಯ. ಹ್ಯಾಂಡ್ ಬ್ರೇಕ್ ಎಳೆದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಹಾಗಾಗಿ ನಿನ್ನ ತಲೆಯಲ್ಲಿ ಅದು ಹ್ಯಾಂಡ್ ಬ್ರೇಕಿನ ದೀಪವಾಗಿ ಕೂತುಬಿಟ್ಟಿದೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ನಮ್ಮ ಹೆಚ್ಚಿನ ಕಾರುಗಳಲ್ಲಿ ಆ ಒಂದು ದೀಪಕ್ಕೆ ಕಡಿಮೆಯೆಂದರೂ ಎರಡು ಸ್ವಿಚ್‌ಗಳಿವೆ. ಒಂದು ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿದೆ. ಇನ್ನೊಂದು ಬಾನೆಟ್ ಒಳಗೆ, ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಡಬ್ಬಿಯೊಳಗೆ ಒಂದು ಸಣ್ಣ ತೇಲುಬಿಲ್ಲೆ ಇರುತ್ತದೆ. ಆಯಿಲ್ ಇಳಿದು ಮಿನ್ ಗೆರೆಯ ಹತ್ತಿರ ಬಂದರೆ ಬಿಲ್ಲೆಯೂ ಇಳಿದು ದೀಪ ಹತ್ತಿಸುತ್ತದೆ. ಎ.ಬಿ.ಎಸ್. ಇರುವ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ ಕೆಟ್ಟರೂ ಹಳದಿ ಎ.ಬಿ.ಎಸ್. ದೀಪದ ಜೊತೆಗೆ ಇದೇ ಕೆಂಪು ದೀಪ ಹತ್ತುವುದುಂಟು.

ಈಗ ಯೋಚಿಸು. ಲಿವರ್ ಬುಡದ ಸ್ವಿಚ್ ಕೆಟ್ಟಿದೆ ಎಂದೇ ಇಟ್ಟುಕೊಳ್ಳೋಣ. ಧೂಳು ಕೂತಿರಬಹುದು, ಯಾರೋ ಕಾಫಿ ಚೆಲ್ಲಿರಬಹುದು, ಮಕ್ಕಳು ತಿಂದ ಬಿಸ್ಕತ್ತಿನ ಪುಡಿ ಸೇರಿರಬಹುದು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ್ದರೂ ದೀಪ ಆರುವುದಿಲ್ಲ. ನೀನು ಹೇಳಿದ್ದು ಸರಿಯೇ, ದೀಪ ಸುಮ್ಮನೆ ಉರಿಯುತ್ತಿದೆ. ಆದರೆ ನಾಳೆ ನಿಜವಾಗಿಯೂ ಬ್ರೇಕ್ ಆಯಿಲ್ ಸೋರಿದರೆ ಅದು ನಿನಗೆ ಹೇಗೆ ಹೇಳುತ್ತದೆ? ಹತ್ತಿರುವ ದೀಪ ಇನ್ನೊಮ್ಮೆ ಹತ್ತಲಾರದು, ಇನ್ನಷ್ಟು ಕೆಂಪಾಗಲಾರದು. ಟೇಪು ಅಂಟಿಸದೆ ಸುಮ್ಮನೆ ನೋಡಿಯೂ ನೋಡದವನಂತೆ ಓಡಿಸುವವನ ಪಾಡೂ ಇಷ್ಟೇ. ಚಿಲ್ಲರೆ ಸ್ವಿಚ್ಚೊಂದು ಕೆಟ್ಟು ಬ್ರೇಕಿನ ಬಾಯಿ ಮುಚ್ಚಿಸಿರುತ್ತದೆ.

ಇನ್ನು "ಲೂಸ್ ಕಾಂಟ್ಯಾಕ್ಟ್" ಎನ್ನುವ ಮಾತು. ಎಲ್ಲಿಂದ ಬಂತು ಗೊತ್ತಾ ಆ ಅನುಮಾನ? ದೀಪ ಒಂದೇ ಸಮನೆ ಉರಿಯುತ್ತಿರಲಿಲ್ಲ, ಹತ್ತಿ ಹತ್ತಿ ಆರುತ್ತಿತ್ತು. ಯಾವಾಗ ಹತ್ತುತ್ತಿತ್ತು ಎಂದು ನೆನಪು ಮಾಡಿಕೋ. ತಿರುವಿನಲ್ಲಿ. ಬ್ರೇಕ್ ಒತ್ತಿದಾಗ. ಇಳಿಜಾರಿನಲ್ಲಿ. ಸೊಂಟದ ಮೇಲೆ ಬಿಂದಿಗೆ ಹೊತ್ತವಳು ಗಕ್ಕನೆ ತಿರುಗಿದರೆ ನೀರು ಒಂದು ಬದಿಗೆ ಸರಿಯುವಂತೆ, ಡಬ್ಬಿಯಲ್ಲಿ ಕಡಿಮೆಯಾದ ಆಯಿಲ್ ತಿರುವಿನಲ್ಲಿ ಬದಿಗೆ ಸರಿಯುತ್ತದೆ. ತೇಲುಬಿಲ್ಲೆ ಒಂದು ಕ್ಷಣ ಕೆಳಗಿಳಿಯುತ್ತದೆ. ದೀಪ ಮಿಣುಕುತ್ತದೆ. ರಸ್ತೆ ನೆಟ್ಟಗಾದಾಗ ಆರುತ್ತದೆ. ನೀನು ಅದನ್ನು ವೈರಿಂಗ್ ದೋಷ ಅಂದುಕೊಳ್ಳುತ್ತೀಯ. ಆದರೆ ತಿರುವಿನಲ್ಲಿ ಮಿಣುಕಿ ನೆಟ್ಟನೆಯ ದಾರಿಯಲ್ಲಿ ಆರುವ ದೀಪ ಬಹಳ ಸಲ ಆಯಿಲ್ ಇಳಿಯುತ್ತಿರುವ ಮೊದಲ ಸೂಚನೆ. ಆಗ ಬ್ರೇಕ್ ಇನ್ನೂ ಪೂರ್ತಿ ಹಿಡಿಯುತ್ತಿರುತ್ತದೆ. ಸರಿಪಡಿಸಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಆತುರಗಾರರು ಟೇಪು ಅಂಟಿಸುವುದೂ ಅದೇ ಸಮಯಕ್ಕೆ!

ನನ್ನ ಹತ್ತಿರ ಕಲಿತು ಹೋದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬುದ್ಧಿವಂತ, ಕೈ ಚುರುಕು, ನಿನ್ನ ಹಾಗೇ. ಹಳೇ ಕಾರು ಕೊಂಡ. ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್. ಸ್ವಲ್ಪ ದಿನಕ್ಕೆ ತಿರುವಿನಲ್ಲಿ ದೀಪ ಮಿಣುಕತೊಡಗಿತು. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಒಬ್ಬ ಬಾನೆಟ್ ಎತ್ತದೆಯೇ "ಹ್ಯಾಂಡ್ ಬ್ರೇಕ್ ಸ್ವಿಚ್ಚು" ಎಂದ. ಪಕ್ಕದ ಸೀಟಿನಲ್ಲಿ ಕೂರುವ ಅಮ್ಮ ದೀಪ ಕಂಡಾಗಲೆಲ್ಲ "ಏನೋ ಅದು?" ಎಂದು ಕೇಳುತ್ತಿದ್ದಳು. ಅಮ್ಮನಿಗೆ ಹೆದರಿಕೆಯಾಗಬಾರದೆಂದು ಮಗ ಟೇಪು ಅಂಟಿಸಿದ. ಅಮ್ಮನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು, ನೋಡು.

ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಮೂಡಿಗೆರೆ ಹಾದು ಧರ್ಮಸ್ಥಳಕ್ಕೆ ಹೊರಟ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದರು. ಆ ಘಾಟಿ ನಿನಗೆ ಗೊತ್ತು. ಒಂದು ತಿರುವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಈತ ಮೂರನೇ ಗೇರಿನಲ್ಲಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಸಿದ. ಒಂದು ತಿರುವಿನಲ್ಲಿ ಪೆಡಲ್ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಒತ್ತಿದಂತೆಲ್ಲ ಕೆಳಗೆ ಹೋಗಿ ನೆಲ ಮುಟ್ಟಿತು.

ಪುಣ್ಯಕ್ಕೆ ಕಲಿತದ್ದು ಕೈಕಾಲಿಗೆ ನೆನಪಿತ್ತು. ಪೆಡಲನ್ನು ಬಿಟ್ಟು ಬಿಟ್ಟು ಒತ್ತಿದ, ಸ್ವಲ್ಪ ಹಿಡಿತ ಬಂತು. ಎರಡನೇ ಗೇರಿಗೆ ಇಳಿಸಿದ, ಗಾಡಿ ನಿಧಾನವಾದ ಮೇಲೆ ಒಂದನೆಯದಕ್ಕೆ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಲಿವರನ್ನು ಸ್ವಲ್ಪ ಸ್ವಲ್ಪ ಎಳೆದ. ಹ್ಯಾಂಡ್ ಬ್ರೇಕ್ ಕೆಲಸ ಮಾಡುವುದು ಕೇಬಲ್ಲಿನಿಂದ, ಆಯಿಲ್‌ನಿಂದ ಅಲ್ಲ. ಆದ್ದರಿಂದ ಆಯಿಲ್ ಸೋರಿದರೂ ಅದು ಹಿಡಿಯುತ್ತದೆ. ಕೊನೆಗೆ ಕಣಿವೆ ಬದಿಗೆ ಹೋಗಗೊಡದೆ ಬೆಟ್ಟದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದ. ಬಂಪರ್ ಮುರಿಯಿತು. ಜೀವಕ್ಕೆ ಏನೂ ಆಗಲಿಲ್ಲ.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ಸಂಗತಿ ಬಯಲಾಯಿತು. ಎರಡು ಕಾಯಿಲೆಗಳು ಒಟ್ಟಿಗೇ ಇದ್ದವು. ಮುಂದಿನ ಬ್ರೇಕ್ ಪ್ಯಾಡ್‌ಗಳು ಹಾಳೆಯಂತೆ ತೆಳುವಾಗಿದ್ದವು. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ, 3ಕ್ಕೆ ಇಳಿಯಿತೆಂದರೆ ಬದಲಿಸಿಬಿಡಬೇಕು. ಇವನದು ಅದನ್ನೂ ದಾಟಿತ್ತು. ಜೊತೆಗೆ ಹಿಂದಿನ ಎಡ ಚಕ್ರದ ವೀಲ್ ಸಿಲಿಂಡರಿನ ರಬ್ಬರ್ ಸವೆದು ಆಯಿಲ್ ಜಿನುಗುತ್ತಿತ್ತು. ಡ್ರಮ್ಮಿನ ಒಳಗೆಲ್ಲ ಒದ್ದೆ.

ಇದರ ಲೆಕ್ಕ ಬಿಡಿಸಿ ನೋಡು. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಇನ್ನಷ್ಟು ಮುಂದೆ ಬರುತ್ತದೆ. ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಹೀಗೆ ಸೋರಿಕೆ ಇಲ್ಲದೆಯೂ ಡಬ್ಬಿ ನಿಧಾನಕ್ಕೆ ಇಳಿಯುತ್ತದೆ. ಅವನ ದೀಪ ಮೊದಲು ಮಿಣುಕಿದ್ದು ಪ್ರಾಯಶಃ ಈ ಕಾರಣಕ್ಕೆ. ಆ ದಿನ ಬಾನೆಟ್ ಎತ್ತಿ, ಚಕ್ರ ಬಿಚ್ಚಿ ನೋಡಿದ್ದರೆ ಪ್ಯಾಡ್ ಬದಲಾಗುತ್ತಿತ್ತು. ಆಮೇಲೆ ಜಿನುಗು ಸೇರಿಕೊಂಡಿತು. ಆಗ ದೀಪ ಮಿಣುಕುವುದು ಬಿಟ್ಟು ನಿಂತೇ ಉರಿದಿರಬೇಕು. ಅದನ್ನು ಕಂಡವರು ಯಾರು? ಟೇಪಿನ ಹಿಂದೆ ಉರಿಯಿತು, ಅಷ್ಟೆ.

ಪೂರ್ತಿ ಬ್ರೇಕ್ ಹೋಗದೆ ಸ್ವಲ್ಪ ಉಳಿದದ್ದಕ್ಕೂ ಕಾರಣವಿದೆ. ಕಾರಿನ ಬ್ರೇಕ್ ವ್ಯವಸ್ಥೆಯನ್ನು ಎರಡು ಪಾಲು ಮಾಡಿರುತ್ತಾರೆ. ಮುಂದಿನ ಚಕ್ರ ಎಳೆಯುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಒಂದು ಚಕ್ರ, ಅದಕ್ಕೆ ಓರೆಯಾಗಿ ಹಿಂದಿನ ಒಂದು ಚಕ್ರ ಸೇರಿ ಒಂದು ಪಾಲು. ಡಬ್ಬಿಯ ಒಳಗೂ ನಡುವೆ ಗೋಡೆ ಇರುತ್ತದೆ. ಒಂದು ಪಾಲು ಖಾಲಿಯಾಗಿ ಗಾಳಿ ಹೊಕ್ಕರೂ ಇನ್ನೊಂದರಲ್ಲಿ ಆಯಿಲ್ ಉಳಿದು ಎರಡು ಚಕ್ರವಾದರೂ ಹಿಡಿಯಲಿ ಎಂದು ಹೀಗೆ ಮಾಡಿದ್ದಾರೆ. ಆ ಹುಡುಗನನ್ನು ಉಳಿಸಿದ್ದು ಈ ಎರಡನೇ ಪಾಲು. ಆದರೆ ಅರ್ಧ ಬ್ರೇಕಿನಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಪೆಡಲ್ ಬಹಳ ಕೆಳಗೆ ಹೋಗುತ್ತದೆ, ಕಾಲು ಬಲವಾಗಿ ಒತ್ತಬೇಕು. ಘಾಟಿ ತಿರುವಿನಲ್ಲಿ ಅಷ್ಟು ದೂರ ಎಲ್ಲಿದೆ?

ಇನ್ನೂ ಒಂದು ಮಾತು ಅವನೇ ಹೇಳಿದ. ಕೆಲವು ವಾರಗಳಿಂದ ಪೆಡಲ್ ಸ್ವಲ್ಪ ಸ್ವಲ್ಪವೇ ಕೆಳಗೆ ಹೋಗುತ್ತಿತ್ತಂತೆ. ಕಾಲು ಅದಕ್ಕೆ ಒಗ್ಗಿಕೊಂಡಿತು, ಮನಸ್ಸಿಗೆ ತಿಳಿಯಲೇ ಇಲ್ಲ. ಮನುಷ್ಯನ ಸ್ವಭಾವವೇ ಹಾಗೆ. ನಿಧಾನಕ್ಕೆ ಕೆಡುವುದಕ್ಕೆ ನಾವು ಹೊಂದಿಕೊಳ್ಳುತ್ತೇವೆ. ದೀಪ ಹೊಂದಿಕೊಳ್ಳುವುದಿಲ್ಲ. ಗೆರೆ ದಾಟಿತು ಎಂದರೆ ದಾಟಿತು ಎಂದೇ ಹೇಳುತ್ತದೆ. ಕಾರಿನಲ್ಲಿ ಅದನ್ನು ಇಟ್ಟಿರುವುದೇ ಅದಕ್ಕೆ.

ಈಗ ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ. "ಸರಿ ಸಾರ್, ಒಂದು ಬಾಟಲಿ ಬ್ರೇಕ್ ಆಯಿಲ್ ತಂದು ಡಬ್ಬಿ ತುಂಬಿಸಿಬಿಡುತ್ತೇನೆ" ಎನ್ನುವ ಆಲೋಚನೆ. ತಡಿ. ಕಾರಣ ಹುಡುಕದೆ ತುಂಬಿಸುವುದೂ ಟೇಪು ಅಂಟಿಸಿದ್ದಕ್ಕೆ ಸಮ. ದೀಪ ಆರುತ್ತದೆ, ಪ್ಯಾಡ್ ಹಾಗೇ ಸವೆಯುತ್ತಿರುತ್ತದೆ. ಮುಂದೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕ್ ಹಾಳಾಗುವವರೆಗೂ ದೀಪ ಸುಮ್ಮನಿರುತ್ತದೆ. ಆಮೇಲೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಹೆಚ್ಚಾದ ಆಯಿಲ್ ಡಬ್ಬಿಯಿಂದ ಉಕ್ಕಿ ಚೆಲ್ಲುತ್ತದೆ, ಬಿದ್ದಲ್ಲಿ ಬಣ್ಣ ಸುಲಿಯುತ್ತದೆ. ಆದ್ದರಿಂದ ಡಬ್ಬಿ ಇಳಿದಿದ್ದರೆ ಮೊದಲ ಪ್ರಶ್ನೆ: ಪ್ಯಾಡ್ ಸವೆದಿದೆಯೋ, ಎಲ್ಲಾದರೂ ಸೋರಿದೆಯೋ? ಉತ್ತರ ಸಿಕ್ಕ ಮೇಲೆ ಆಯಿಲ್. ಅದೂ ಡಬ್ಬಿಯ ಮುಚ್ಚಳದ ಮೇಲೆ ಬರೆದ ಜಾತಿಯದೇ ಆಗಬೇಕು, ಡಾಟ್ 3 ಎಂದಿದ್ದರೆ 3, ಡಾಟ್ 4 ಎಂದಿದ್ದರೆ 4. ಸೀಲ್ ಒಡೆಯದ ಬಾಟಲಿಯದೇ ಆಗಬೇಕು, ಏಕೆಂದರೆ ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲ್ ಘಾಟಿಯ ಬಿಸಿಗೆ ಬೇಗ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಮನೆಯಲ್ಲಿ ಉಳಿದ ಎಂಜಿನ್ ಆಯಿಲನ್ನು ಮಾತ್ರ ಯಾವ ಕಾಲಕ್ಕೂ ಸುರಿಯಬೇಡ. ಒಳಗಿನ ರಬ್ಬರುಗಳೆಲ್ಲ ಊದಿ ಇಡೀ ಬ್ರೇಕೇ ಕೆಡುತ್ತದೆ.

ಓಡುತ್ತಿರುವಾಗ ಈ ಕೆಂಪು ದೀಪ ಹತ್ತಿದರೆ ಏನು ಮಾಡಬೇಕು? ಗಾಬರಿ ಬೇಡ. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ಕೈಯಲ್ಲಿ ಒತ್ತಿ ನೋಡು. ಅಷ್ಟಕ್ಕೇ ಆರಿದರೆ ಸರಿ. ಆರದಿದ್ದರೆ ಹಿಂದೆ ಬರುವ ಗಾಡಿ ಕನ್ನಡಿಯಲ್ಲಿ ನೋಡಿಕೊಂಡು ಬ್ರೇಕ್ ಪೆಡಲನ್ನು ಮೆಲ್ಲನೆ ಮುಟ್ಟು. ಎಂದಿನ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ ನಿಧಾನವಾಗಿ ಬದಿಗೆ ತೆಗೆದುಕೊಂಡು ನಿಲ್ಲಿಸು. ಮೆತ್ತಗಿದ್ದರೆ, ಕೆಳಗೆ ಹೋದರೆ, ಆಕ್ಸಿಲರೇಟರ್ ಬಿಟ್ಟು ಒಂದೊಂದೇ ಗೇರ್ ಇಳಿಸುತ್ತ ಎಂಜಿನ್ನಿನ ಹಿಡಿತದಲ್ಲಿ ವೇಗ ಕಳೆ. ನ್ಯೂಟ್ರಲ್ ಮಾಡಬೇಡ, ಕೀ ಆಫ್ ಮಾಡಬೇಡ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಸಹಾಯವೂ ಒಂದೆರಡು ಒತ್ತಿಗೆ ಮುಗಿದು ಪೆಡಲ್ ಕಲ್ಲಾಗುತ್ತದೆ.

ನಿಂತ ಮೇಲೆ ಸಮತಟ್ಟು ಜಾಗದಲ್ಲಿ ಬಾನೆಟ್ ಎತ್ತು. ಡ್ರೈವರ್ ಕಡೆ ಹಿಂಬದಿಯಲ್ಲಿ ಸಾಮಾನ್ಯವಾಗಿ ಅರೆಪಾರದರ್ಶಕ ಬಿಳಿ ಡಬ್ಬಿ ಕಾಣುತ್ತದೆ. ಮುಚ್ಚಳ ತೆಗೆಯುವುದೂ ಬೇಡ, ಹೊರಗಿನಿಂದಲೇ ಮಿನ್, ಮ್ಯಾಕ್ಸ್ ಗೆರೆ ನೋಡಬಹುದು. ಚಕ್ರಗಳ ಒಳಬದಿ ಒದ್ದೆಯಾಗಿದೆಯಾ ಬಗ್ಗಿ ನೋಡು. ಆಯಿಲ್ ಮಿನ್‌ಗಿಂತ ಕೆಳಗಿದ್ದರೆ, ಚಕ್ರ ಒದ್ದೆಯಾಗಿದ್ದರೆ, ಪೆಡಲ್ ಮೆತ್ತಗಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸು, ಇಲ್ಲವೇ ಟೋ ಮಾಡಿಸು. "ಇನ್ನೇನು ಊರು ಬಂತು" ಎಂಬ ಮಾತಿಗೆ ಮರುಳಾಗಬೇಡ. ಆಯಿಲ್ ಸರಿಯಿದ್ದು, ಪೆಡಲ್ ಗಟ್ಟಿಯಿದ್ದು, ಹ್ಯಾಂಡ್ ಬ್ರೇಕ್ ಎತ್ತಿ ಇಳಿಸಿದಾಗ ದೀಪ ಹತ್ತಿ ಆರಿ ಆಟವಾಡಿದರೆ ಆಗ ಸ್ವಿಚ್ಚಿನ ಮೇಲೆ ಅನುಮಾನ ಪಡು. ಅದನ್ನೂ ಮುಂದಕ್ಕೆ ಹಾಕದೆ ಗ್ಯಾರೇಜಿಗೆ ಒಯ್ದು ಬದಲಿಸು. ಬ್ರೇಕ್ ವ್ಯವಸ್ಥೆಯಲ್ಲಿ ಅದಕ್ಕಿಂತ ಅಗ್ಗದ ರಿಪೇರಿ ಕಷ್ಟ.

ಉಳಿದ ದೀಪಗಳ ಬಗ್ಗೆ ಇಷ್ಟು ನೆನಪಿಟ್ಟುಕೋ. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಬೇಗನೆ. ಎಣ್ಣೆ ಗಿಂಡಿಯಂಥ ಕೆಂಪು ದೀಪ ಓಡುವಾಗ ಹತ್ತಿದರೆ ಎಂಜಿನ್ ಒಳಗೆ ಆಯಿಲ್ ಒತ್ತಡ ಬಿದ್ದಿದೆ ಎಂದರ್ಥ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡು, ಒಂದು ಮೈಲಿಯೂ ಓಡಿಸಬೇಡ. ಹಳದಿ ಎಂಜಿನ್ ಚಿತ್ರ ನಿಂತು ಉರಿದರೆ ಈ ವಾರವೇ ಗ್ಯಾರೇಜು. ಮಿನುಗತೊಡಗಿದರೆ ವೇಗ ಇಳಿಸಿ ಆವತ್ತೇ ತೋರಿಸು.

ಕಾನೂನಿನ ಮಾತೂ ಕೇಳಿಬಿಡು. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ, ಅಪಾಯ ತರುವ ದೋಷವಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸಿದರೆ ತಪ್ಪು. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗುತ್ತಿತ್ತು ಎನ್ನುವಂಥ ದೋಷಕ್ಕೂ ಅದೇ ಮಾತು. ನೀನು ಓಡಿಸಿದರೂ ತಪ್ಪು, ಇನ್ನೊಬ್ಬರಿಗೆ ಓಡಿಸಲು ಬಿಟ್ಟರೂ ತಪ್ಪು. "ನನಗೆ ಗೊತ್ತಿರಲಿಲ್ಲ" ಎಂದು ಟೇಪು ಅಂಟಿಸಿದವನು ಹೇಗೆ ಹೇಳುತ್ತಾನೆ? ಕಂಡಿದ್ದಕ್ಕೇ ತಾನೇ ಅಂಟಿಸಿದ್ದು?

ಆ "ಇನ್ನೊಬ್ಬರು" ಎನ್ನುವುದನ್ನು ಸ್ವಲ್ಪ ಯೋಚಿಸು ಮಗೂ. ಟೇಪಿನ ಹಿಂದೆ ಏನಿದೆ ಎಂದು ನಿನಗೆ ಗೊತ್ತು. ನಿನ್ನ ತಂಗಿಗೆ ಗೊತ್ತಿಲ್ಲ. ಒಂದು ದಿನ ಅವಳು ಕೀ ತಗೊಂಡು ಹೋಗುತ್ತಾಳೆ. ಒಂದು ರಾತ್ರಿ ಯಾರಿಗೋ ಹುಷಾರಿಲ್ಲ ಎಂದು ಪಕ್ಕದ ಮನೆಯವರು ನಿನ್ನ ಗಾಡಿಯಲ್ಲೇ ಆಸ್ಪತ್ರೆಗೆ ಓಡುತ್ತಾರೆ. ಬೋರ್ಡ್ ನೋಡುತ್ತಾರೆ, ಒಂದು ದೀಪವೂ ಇಲ್ಲ, ಎಲ್ಲ ಸರಿಯಿದೆ ಎಂದು ನಂಬಿ ಹೊರಡುತ್ತಾರೆ. ಆದ್ದರಿಂದ ಈ ಭಾನುವಾರ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಡಬ್ಬಿಯ ಗೆರೆ ನೋಡು, ಹ್ಯಾಂಡ್ ಬ್ರೇಕ್ ಒಂದು ಹಲ್ಲು ಎಳೆದು ಬಿಟ್ಟು ದೀಪ ಹತ್ತಿ ಆರುತ್ತದೆಯೇ ನೋಡು. ಸೋಮವಾರ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ನಾಲ್ಕೂ ಚಕ್ರ ಬಿಚ್ಚಿಸಿ ಪ್ಯಾಡು, ಶೂ, ಸೋರಿಕೆ ನೋಡಿಸು. ಅದಾಗುವವರೆಗೆ ಕಾರಿನ ಕೀಯನ್ನು ಯಾರ ಕೈಗೂ ಕೊಡಬೇಡ, ನೀನೂ ತಗೊಳ್ಳಬೇಡ.